ಹಬ್ಬದ ಶುಭಾಶಯ, ಗುಡ್ ಮಾರ್ನಿಂಗ್ ಚಿತ್ರ ಮತ್ತು ನಮ್ಮ ಗುಂಪು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಲುಂಡ್‌ನಿಂದ ಡೊಂಬಿವಲಿವರೆಗೆ ಹರಡಿಕೊಂಡಿರುವ ಕನ್ನಡ ಮನೆಗಳ ವಾಟ್ಸಾಪ್ ಗುಂಪೊಂದನ್ನು ನಾವು ಮೂರು ಜನ ನೋಡಿಕೊಳ್ಳುತ್ತೇವೆ. ಉಡುಪಿ, ಮಂಗಳೂರು ಕಡೆಯವರು ಇದ್ದಾರೆ. ಧಾರವಾಡ, ವಿಜಯಪುರದವರು ಇದ್ದಾರೆ. ಕೆಲವರು ಮದುವೆಯಾಗಿ ವಸೈ, ಪನ್ವೇಲ್, ಪುಣೆಗೆ ಹೋದರೂ ಗುಂಪು ಬಿಟ್ಟಿಲ್ಲ. ಪ್ರತಿ ಹಬ್ಬಕ್ಕೂ ಅದೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಿಮ್ಮ ಗುಂಪಿಗೂ ಉಪಯೋಗ ಆಗುತ್ತದೆ ಅನಿಸಿದರೆ ಬಳಸಿಕೊಳ್ಳಿ.

ಒಂದು ಗುಡ್ ಮಾರ್ನಿಂಗ್ ಚಿತ್ರ ಹಾಕಿದರೆ ಗುಂಪಿಗೆ ಏನು ತೊಂದರೆ? ಇಷ್ಟವಿಲ್ಲದವರು ನೋಡದೆ ಬಿಟ್ಟರೆ ಆಯ್ತಲ್ಲ?

ನೋಡದೆ ಬಿಡುವುದೇ ತೊಂದರೆ. ದಿನಾ ಮೂವತ್ತು ಹೂವಿನ ಚಿತ್ರ ಬರುವ ಗುಂಪನ್ನು ಜನ ಮೊದಲು ಮ್ಯೂಟ್ ಮಾಡುತ್ತಾರೆ. ಆಮೇಲೆ ತೆರೆಯುವುದನ್ನೇ ಬಿಡುತ್ತಾರೆ. ತೆರೆದರೂ ಸರ್ರನೆ ಕೆಳಗೆ ತಳ್ಳಿ, ಓದಿದ ಹಾಗೆ ಮಾಡಿ ಮುಚ್ಚುತ್ತಾರೆ. ಆ ಅಭ್ಯಾಸ ಬಿದ್ದ ಮೇಲೆ ನಿಜವಾಗಿ ಓದಬೇಕಾದ ಸಂದೇಶವೂ ಹಾಗೇ ಕಣ್ಣು ತಪ್ಪಿ ಹೋಗುತ್ತದೆ.

ನಮ್ಮಲ್ಲಿ ನಡೆದದ್ದನ್ನೇ ಹೇಳುತ್ತೇನೆ. ದೀಪಾವಳಿ ಪಾಡ್ಯದ ದಿನ. ಹಿಂದಿನ ರಾತ್ರಿ ಡೊಂಬಿವಲಿಯ ಒಂದು ಮನೆಯಲ್ಲಿ ಹಿರಿಯರು ತೀರಿಕೊಂಡರು. ಮಗ ಬೆಳಗ್ಗೆ ಆರಕ್ಕೆ ಗುಂಪಿನಲ್ಲಿ ನಾಲ್ಕು ಸಾಲು ಹಾಕಿದ. ಹನ್ನೊಂದು ಗಂಟೆಗೆ ಅಂತ್ಯಕ್ರಿಯೆ. ಅದರ ಮೇಲೆ ಆಗಲೇ ಬಲಿಪಾಡ್ಯಮಿಯ ಚಿತ್ರಗಳು ಇದ್ದವು. ಕೆಳಗೂ ಬರತೊಡಗಿದವು. ಹಣತೆ, ರಂಗೋಲಿ, ಗೋಪೂಜೆ, ಮಿನುಗುವ ವೀಡಿಯೊ. ಹಾಕಿದವರಲ್ಲಿ ಯಾರೂ ಕೆಟ್ಟವರಲ್ಲ. ಬೇರೆ ಗುಂಪಿನಿಂದ ಫಾರ್ವರ್ಡ್ ಮಾಡುವಾಗ ಈ ಗುಂಪನ್ನು ತೆರೆಯುವ ಅಗತ್ಯವೇ ಬೀಳುವುದಿಲ್ಲ. ಪಟ್ಟಿಯಲ್ಲಿ ಹೆಸರು ಆರಿಸಿ ಕಳಿಸಿದರೆ ಮುಗಿಯಿತು. ಹಾಗಾಗಿ ಸಾವಿನ ಸುದ್ದಿಯ ಕೆಳಗೆ ತಾವು ಪಟಾಕಿಯ ಚಿತ್ರ ಹಾಕುತ್ತಿದ್ದೇವೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ನಡುವೆ ಒಬ್ಬರು ಬರೀ ಕೈಮುಗಿದ ಚಿಹ್ನೆ ಹಾಕಿದರು. ಅದು ಸಾವಿಗೋ ಹಬ್ಬಕ್ಕೋ ತಿಳಿಯಲಿಲ್ಲ. ಗುಂಪು ತೆರೆದವರಿಗೆ ಕಂಡದ್ದು ಕೊನೆಯ ಏಳೆಂಟು ಚಿತ್ರ ಮಾತ್ರ. ವಸೈಯಲ್ಲಿದ್ದ ಹತ್ತಿರದ ಸ್ನೇಹಿತರಿಗೆ ಸುದ್ದಿ ಗೊತ್ತಾದಾಗ ಹತ್ತು ಗಂಟೆ ದಾಟಿತ್ತು. ಅಲ್ಲಿಂದ ದಾದರ್‌ನಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಬರಲು ಸುಮಾರು ಎರಡು ಗಂಟೆ ಬೇಕು. ಹಬ್ಬದ ದಿನ ಲೋಕಲ್ ಕೆಲವೊಮ್ಮೆ ಭಾನುವಾರದ ವೇಳಾಪಟ್ಟಿಯಲ್ಲಿ ಓಡುತ್ತದೆ, ಇನ್ನೂ ತಡ. ಅವರಿಗೆ ಕೊನೆಯ ದರ್ಶನ ಸಿಗಲಿಲ್ಲ. ಊರಿನಲ್ಲಾದರೆ ಪಕ್ಕದ ಮನೆಯವರು ಓಡಿ ಬಂದು ಹೇಳುತ್ತಾರೆ. ಇಲ್ಲಿ ನಮ್ಮವರು ನಾಲ್ಕು ಲೈನ್‌ಗಳಲ್ಲಿ ಚದುರಿ ಹೋಗಿದ್ದಾರೆ. ಹೇಳಲು ಇರುವುದು ಈ ಗುಂಪು ಒಂದೇ.

ಅದಕ್ಕೇ ಫಾರ್ವರ್ಡ್ ಚಿತ್ರ ಗುಂಪಿಗೆ ಬೇಡ ಎಂಬ ನಿಯಮ. ಚಿತ್ರದ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಗುಂಪಿನಲ್ಲಿ ಸಂದೇಶ ಬಂತೆಂದರೆ ಜನ ತೆರೆದು ಓದಬೇಕು. ಆ ನಂಬಿಕೆ ಉಳಿಯಬೇಕು.

ಹಬ್ಬದ ದಿನವೇ ಸಾವಿನ ಸುದ್ದಿ ಬಂದರೆ ಅಡ್ಮಿನ್ ಏನು ಮಾಡಬೇಕು?

ಮೊದಲು ಗುಂಪನ್ನು ತಾತ್ಕಾಲಿಕವಾಗಿ ಮುಚ್ಚಿ. ಗುಂಪಿನ ಹೆಸರು ಒತ್ತಿ, Group permissions ಒಳಗೆ ಹೋಗಿ, ಸದಸ್ಯರು ಸಂದೇಶ ಕಳಿಸುವ ಅನುಮತಿ ತೆಗೆಯಿರಿ. ಆಗ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಫಾರ್ವರ್ಡ್ ಕೂಡ ಬಂದು ಬೀಳುವುದಿಲ್ಲ. ಅಂತ್ಯಕ್ರಿಯೆ ಮುಗಿಯುವವರೆಗೆ ಹಾಗೇ ಇರಲಿ.

ಆಮೇಲೆ ಸುದ್ದಿಯ ಸಂದೇಶವನ್ನು ಒತ್ತಿ ಹಿಡಿದು Pin ಮಾಡಿ. 24 ಗಂಟೆ, 7 ದಿನ, 30 ದಿನ ಎಂದು ಕೇಳುತ್ತದೆ. 24 ಗಂಟೆ ಸಾಕು. ಅದು ಗುಂಪಿನ ತಲೆಯ ಮೇಲೆ ನಿಲ್ಲುತ್ತದೆ, ಕೆಳಗೆ ಎಷ್ಟೇ ಸಂದೇಶ ಬಂದರೂ ಜರುಗುವುದಿಲ್ಲ. ಇದು ಹಬ್ಬದ ದಿನಕ್ಕೆ ಮಾತ್ರ ಅಲ್ಲ. ಬೇರೆ ದಿನಗಳಲ್ಲೂ ಬೇಕು. ನಲವತ್ತು ಜನ ‘ಓಂ ಶಾಂತಿ’ ಬರೆದರೆ ಅಷ್ಟಕ್ಕೇ ವಿಳಾಸ ಮತ್ತು ಸಮಯ ಮೇಲೆ ಹೋಗಿಬಿಡುತ್ತದೆ.

ಸುದ್ದಿಯ ಕೆಳಗೆ ಆಗಲೇ ಶುಭಾಶಯ ಬಿದ್ದಿದ್ದರೆ ಅಡ್ಮಿನ್ ಅದನ್ನು ಎಲ್ಲರಿಗೂ ಅಳಿಸಬಹುದು. 2022ರಿಂದ ಆ ಅವಕಾಶ ಇದೆ. ಅಳಿಸಿದವರು ಅಡ್ಮಿನ್ ಎಂದು ಅಲ್ಲಿ ಕಾಣುತ್ತದೆ. ಹಾಕಿದವರಿಗೆ ಬೇಜಾರಾಗದ ಹಾಗೆ ಖಾಸಗಿಯಾಗಿ ಒಂದು ಸಾಲು ಕಳಿಸಿ: ‘ಭಾವ, ಮೇಲೆ ಸಾವಿನ ಸುದ್ದಿ ಇತ್ತು, ನಿಮಗೆ ಕಂಡಿರಲಿಕ್ಕಿಲ್ಲ. ಅದಕ್ಕೆ ತೆಗೆದೆ.’ ಗುಂಪಿನಲ್ಲೇ ಎಲ್ಲರ ಮುಂದೆ ಹೇಳಬೇಡಿ.

ಕೊನೆಗೆ ಫೋನ್. ತೀರಿಕೊಂಡವರಿಗೆ ತೀರ ಹತ್ತಿರದವರು ಯಾರು ಅಂತ ಮನೆಯವರನ್ನು ಕೇಳಿ, ಅವರಿಗೆ ಕರೆ ಮಾಡಿಯೇ ಹೇಳಬೇಕು. ಮನೆಯವರಿಗೆ ಆ ಹೊತ್ತಿನಲ್ಲಿ ಕೈಕಾಲು ಆಡುವುದಿಲ್ಲ. ಈ ಕೆಲಸವನ್ನು ನಾವು ಮೂವರೂ ಹಂಚಿಕೊಳ್ಳುತ್ತೇವೆ.

ಸುದ್ದಿ ಹಾಕುವವರು ಹೇಗೆ ಬರೆಯಬೇಕು?

ಫೋಟೋಗೆ ಹೂಹಾರ ಹಾಕಿ, ಅದರೊಳಗೆ ಸಣ್ಣ ಅಕ್ಷರದಲ್ಲಿ ವಿವರ ಬರೆದ ಚಿತ್ರ ಬೇಡ. ದೂರದಿಂದ ಅದೂ ಫಾರ್ವರ್ಡ್ ಚಿತ್ರದ ಹಾಗೆಯೇ ಕಾಣುತ್ತದೆ. ಚಿತ್ರದೊಳಗಿನ ಅಕ್ಷರ ಗುಂಪಿನಲ್ಲಿ ಹುಡುಕಿದರೂ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಬರೆದೇ ಹಾಕಿ. ಮೊದಲ ಸಾಲಿನಲ್ಲೇ ವಿಷಯ ಇರಲಿ, ಯಾಕೆಂದರೆ ಫೋನಿನ ಪರದೆಯ ಮೇಲೆ ತೋರುವುದು ಅದೊಂದೇ ಸಾಲು. ‘ಎಲ್ಲರಿಗೂ ನಮಸ್ಕಾರ, ತಿಳಿಸಲು ವಿಷಾದವಾಗುತ್ತದೆ’ ಅಂತ ಶುರು ಮಾಡಿದರೆ ಹಬ್ಬದ ದಿನ ಅದನ್ನೂ ಶುಭಾಶಯ ಅಂದುಕೊಂಡು ತಳ್ಳುತ್ತಾರೆ.

ನಾವು ಹೇಳಿಕೊಡುವ ರೀತಿ ಹೀಗಿದೆ: ‘ನಮ್ಮ ತಂದೆ ನಿನ್ನೆ ರಾತ್ರಿ ತೀರಿಕೊಂಡರು. ಅಂತ್ಯಕ್ರಿಯೆ ಇವತ್ತು ಬೆಳಗ್ಗೆ 11ಕ್ಕೆ. ಮನೆಯಿಂದ 10.30ಕ್ಕೆ ಹೊರಡುತ್ತೇವೆ.’ ಆಮೇಲೆ ಮನೆಯ ವಿಳಾಸ, ಸ್ಮಶಾನ ಯಾವುದು, ಕರೆ ಮಾಡಲು ಒಬ್ಬರ ನಂಬರ್. ಆ ನಂಬರ್ ಮಗನದ್ದೋ ಮಗಳದ್ದೋ ಆಗುವುದಕ್ಕಿಂತ ಅಳಿಯ ಅಥವಾ ಪಕ್ಕದ ಮನೆಯವರದ್ದಾದರೆ ಒಳ್ಳೆಯದು.

ಬೆಂಗಳೂರಿನಿಂದಲೋ ದುಬೈಯಿಂದಲೋ ಮಕ್ಕಳು ಬರಬೇಕಿದ್ದರೆ ಸಮಯ ಮುಂದೆ ಹೋಗುವುದು ಸಾಮಾನ್ಯ. ಕಳಿಸಿದ ಸಂದೇಶವನ್ನು ತಿದ್ದಲು ವಾಟ್ಸಾಪ್ 15 ನಿಮಿಷ ಮಾತ್ರ ಕೊಡುತ್ತದೆ. ಅದು ದಾಟಿದ್ದರೆ ಹೊಸದಾಗಿ ಪೂರ್ತಿ ಸಂದೇಶ ಬರೆದು ಅದನ್ನು ಪಿನ್ ಮಾಡಿಸಿ, ಹಳೆಯದನ್ನು ಅಳಿಸಿ. ‘ಸಮಯ ಬದಲು’ ಎಂದು ಒಂದು ತುಂಡು ಸಾಲು ಹಾಕಿದರೆ ಕೆಲವರು ಹಳೆಯದನ್ನೇ ನಂಬಿ ಬಂದು ಕಾಯುತ್ತಾರೆ.

ಒಂದು ವರ್ಷದೊಳಗೆ ಸಾವಾದ ಮನೆಗೆ ಹಬ್ಬದ ಶುಭಾಶಯ ಕಳಿಸಬಹುದಾ?

ಚಿತ್ರ ಕಳಿಸಬೇಡಿ. ಬಹಳ ಮನೆಗಳಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ. ತೋರಣ ಇಲ್ಲ, ಹೊಸ ಬಟ್ಟೆ ಇಲ್ಲ. ಅವರ ಫೋನಿಗೆ ‘ನಿಮ್ಮ ಮನೆಯಲ್ಲಿ ಸಂತಸದ ಹೊನಲು ಹರಿಯಲಿ’ ಅಂತ ಇಪ್ಪತ್ತು ಚಿತ್ರ ಬಂದರೆ ಹೇಗಿರುತ್ತದೆ? ಕಳಿಸಿದವರು ಯಾರೂ ತಮ್ಮನ್ನು ನೆನೆದು ಕಳಿಸಿಲ್ಲ ಅನ್ನುವುದು ಅವರಿಗೆ ಅಲ್ಲೇ ಗೊತ್ತಾಗುತ್ತದೆ. ಅದು ನೋಯಿಸುತ್ತದೆ.

ಹಾಗಂತ ಸುಮ್ಮನಿರುವುದೂ ಸರಿಯಲ್ಲ. ಮೊದಲ ಹಬ್ಬ ಆ ಮನೆಗೆ ಬಹಳ ಕಷ್ಟದ ದಿನ. ಫೋನ್ ಮಾಡಿ. ಬರೆಯುವುದಾದರೆ ಇಷ್ಟು ಸಾಕು: ‘ಅಕ್ಕ, ಇವತ್ತು ನಿಮ್ಮ ನೆನಪು ಜಾಸ್ತಿ ಬಂತು. ಭಾವ ಇದ್ದಿದ್ದರೆ ಬೆಳಗ್ಗೆಯೇ ಫೋನ್ ಮಾಡುತ್ತಿದ್ದರು. ಸಂಜೆ ಬರಲಾ?’ ಇದರಲ್ಲಿ ಶುಭಾಶಯದ ಮಾತೇ ಇಲ್ಲ. ಆದರೆ ಓದಿದವರಿಗೆ ಸಮಾಧಾನ ಆಗುತ್ತದೆ.

ನಮ್ಮ ಮರಾಠಿ ನೆರೆಯವರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಸಾವಾದ ಮನೆಯಲ್ಲಿ ಆ ದೀಪಾವಳಿಗೆ ಫರಾಳ ಮಾಡುವುದಿಲ್ಲ. ನೆಂಟರು, ಅಕ್ಕಪಕ್ಕದವರು ತಮ್ಮ ಮನೆಯ ಚಕ್ಕಲಿ, ಕರಂಜಿ, ಚಿವಡಾ ಕಟ್ಟಿಕೊಂಡು ಹೋಗಿ ಕೊಟ್ಟು, ಸ್ವಲ್ಪ ಹೊತ್ತು ಕೂತು ಬರುತ್ತಾರೆ. ನಮ್ಮ ಗುಂಪಿನ ಹಲವು ಮನೆಗಳು ಈಗ ಹಾಗೇ ಮಾಡುತ್ತಿವೆ.

ಯಾವ ಮನೆಯವರು ಎಷ್ಟು ದಿನ ಹಬ್ಬ ಬಿಡುತ್ತಾರೆ ಅನ್ನುವುದು ಒಂದೇ ರೀತಿ ಇರುವುದಿಲ್ಲ. ಕೆಲವರು ವರ್ಷಾಬ್ದಿಕದವರೆಗೆ ಬಿಡುತ್ತಾರೆ. ಕೆಲವರು ಮಕ್ಕಳಿಗಾಗಿ ದೀಪ ಹಚ್ಚುತ್ತಾರೆ. ಹತ್ತಿರದವರಾದರೆ ಕೇಳಿ ತಿಳಿದುಕೊಳ್ಳಿ. ತಪ್ಪಿಲ್ಲ.

ಈಗ ಎರಡು ಗುಂಪು ಮಾಡಿದ್ದೀರಲ್ಲ, ಯಾವುದರಲ್ಲಿ ಏನು ಹಾಕಬೇಕು?

‘ಸೂಚನೆ’ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುತ್ತಾರೆ. ಸಾವು, ರಕ್ತ ಬೇಕಾದವರ ವಿನಂತಿ, ಕಾರ್ಯಕ್ರಮದ ದಿನಾಂಕ, ಅಷ್ಟೇ. ನಿಮ್ಮ ಸುದ್ದಿ ಇದ್ದರೆ ನಮ್ಮಲ್ಲಿ ಒಬ್ಬರಿಗೆ ಕಳಿಸಿ, ರಾತ್ರಿಯಾದರೆ ಕರೆ ಮಾಡಿ. ಇದನ್ನು ದಯವಿಟ್ಟು ಮ್ಯೂಟ್ ಮಾಡಬೇಡಿ.

‘ಹರಟೆ’ ಗುಂಪು ಎಲ್ಲರದ್ದು. ಹಬ್ಬದ ದಿನ ಬೆಳಗ್ಗೆ ಅಡ್ಮಿನ್ ಒಂದು ಶುಭಾಶಯ ಹಾಕುತ್ತಾರೆ. ನೀವು ಅದನ್ನು ಒತ್ತಿ ಹಿಡಿದು ಒಂದು ಎಮೋಜಿ ಕೊಟ್ಟರೆ ಸಾಕು, ಎಲ್ಲರ ಎಮೋಜಿಯೂ ಅದೇ ಸಂದೇಶದ ಕೆಳಗೆ ಕೂಡಿಕೊಳ್ಳುತ್ತದೆ. ಹೊಸ ಸಾಲು ಬೆಳೆಯುವುದಿಲ್ಲ. ನಿಮ್ಮ ಮನೆಯದೇ ಫೋಟೋ ಇದ್ದರೆ ಖಂಡಿತ ಹಾಕಿ. ನಿಮ್ಮ ಬಾಗಿಲಿನ ರಂಗೋಲಿ, ನೀವು ಮಾಡಿದ ಹೋಳಿಗೆ, ಮಗು ಹಿಡಿದ ನಕ್ಷತ್ರಕಡ್ಡಿ. ಇದನ್ನು ಎಲ್ಲರೂ ನೋಡುತ್ತಾರೆ, ಮಾತು ಬೆಳೆಯುತ್ತದೆ. ಎಲ್ಲಿಂದಲೋ ಬಂದ ಚಿತ್ರಕ್ಕೆ ಯಾರೂ ‘ಬೆಲ್ಲ ಎಷ್ಟು ಹಾಕಿದ್ರಿ?’ ಅಂತ ಕೇಳುವುದಿಲ್ಲ.

ಹಾಗಾದರೆ ಹಬ್ಬದ ಶುಭಾಶಯ ಯಾರಿಗೆ, ಹೇಗೆ ಕಳಿಸುವುದು?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೆಸರೋ ಸಂಬಂಧವೋ ಹೇಳಿ ಕರೆಯದ ಶುಭಾಶಯ ಕಳಿಸದಿದ್ದರೂ ನಡೆಯುತ್ತದೆ. ‘ದೊಡ್ಡಪ್ಪ, ಯುಗಾದಿ ಶುಭಾಶಯ. ಮೊಣಕಾಲು ಈಗ ಹೇಗಿದೆ? ಮೇನಲ್ಲಿ ಊರಿಗೆ ಬರುತ್ತಿದ್ದೇವೆ.’ ಇಷ್ಟು ಬರೆಯಲು ಅರ್ಧ ನಿಮಿಷ. ಇದನ್ನು ನೂರು ಜನರಿಗೆ ಬರೆಯಲು ಆಗುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಹತ್ತು ಹದಿನೈದು ಜನರಿಗೆ ಬರೆಯಿರಿ. ಹಿರಿಯರು, ಒಬ್ಬರೇ ಇರುವವರು, ಈ ವರ್ಷ ಕಷ್ಟ ಕಂಡವರು ಮೊದಲು.

ಉಳಿದ ಎಲ್ಲರಿಗೂ ಹೇಳುವ ಆಸೆ ಇದ್ದರೆ ಸ್ಟೇಟಸ್ ಹಾಕಿ. ಅದು 24 ಗಂಟೆ ಇರುತ್ತದೆ. ನೋಡಬೇಕು ಅನಿಸಿದವರು ನೋಡುತ್ತಾರೆ, ಯಾರ ಫೋನೂ ಸದ್ದು ಮಾಡುವುದಿಲ್ಲ. ಉತ್ತರ ಕೊಡಬೇಕೆಂಬ ಭಾರವೂ ಇಲ್ಲ. ಚಂದದ ಚಿತ್ರ ಸಿಕ್ಕಿದರೆ ಅದಕ್ಕೆ ಸರಿಯಾದ ಜಾಗ ಇದೇ.

ಫಾರ್ವರ್ಡ್ ಮಾಡುವಾಗ ಐದೇ ಜನರಿಗೆ ಯಾಕೆ ಹೋಗುತ್ತದೆ ಎಂದು ಹಲವರು ಕೇಳುತ್ತಾರೆ. ಫೋನ್ ಕೆಟ್ಟಿಲ್ಲ. ಸುಳ್ಳು ಸುದ್ದಿ ಹರಡಿ ಅನಾಹುತಗಳಾದ ಮೇಲೆ ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಈ ಮಿತಿ ತಂದಿತು. ಎರಡು ಬಾಣದ ಗುರುತು ಮತ್ತು Forwarded many times ಎಂಬ ಮಾತು ಇದ್ದರೆ ಅದು ತುಂಬಾ ಕೈ ದಾಟಿ ಬಂದದ್ದು. ಅಂಥದ್ದನ್ನು 2020ರಿಂದ ಒಂದು ಸಲಕ್ಕೆ ಒಬ್ಬರಿಗೋ ಒಂದು ಗುಂಪಿಗೋ ಮಾತ್ರ ಕಳಿಸಬಹುದು. ಎರಡು ಬಾಣ ಕಂಡರೆ ಒಂದು ವಿಷಯ ಖಚಿತ: ನೀವು ಕಳಿಸುತ್ತಿರುವುದು ಅವರಿಗೆ ಆಗಲೇ ಬಂದಿರುವ ಸಾಧ್ಯತೆ ಹೆಚ್ಚು.

ಯಾವ ದಿನ ಕಳಿಸಬೇಕು ಅನ್ನುವುದೇ ಗೊಂದಲ. ನಮ್ಮ ಮನೆಯ ಹಬ್ಬ ಬೇರೆ, ಫೋನಿನಲ್ಲಿ ಬರುವ ಹಬ್ಬ ಬೇರೆ.

ಮುಂಬೈ ಕನ್ನಡಿಗರಿಗೆ ಇದು ನಿಜವಾದ ಸಮಸ್ಯೆ. ಇಲ್ಲಿನ ಕ್ಯಾಲೆಂಡರ್ ನೋಡಿ ಶುಭಾಶಯ ಬರುತ್ತದೆ. ಮನೆಯ ಹಬ್ಬ ಊರಿನ ಪಂಚಾಂಗದ ಪ್ರಕಾರ.

ಕೃಷ್ಣಾಷ್ಟಮಿ ನೋಡಿ. 2025ರಲ್ಲಿ ಮುಂಬೈಯಲ್ಲಿ ಗೋಕುಲಾಷ್ಟಮಿ ಆಗಸ್ಟ್ 15ಕ್ಕೆ, ದಹಿಹಂಡಿ 16ಕ್ಕೆ ಆಯಿತು. ಉಡುಪಿ ಮಠದಲ್ಲಿ ಸೌರಮಾನದ ಲೆಕ್ಕ. ಅಲ್ಲಿ ಅಷ್ಟಮಿ ಸೆಪ್ಟೆಂಬರ್ 14ಕ್ಕೆ, ವಿಟ್ಲಪಿಂಡಿ 15ಕ್ಕೆ. ಅಂದರೆ ಒಂದು ತಿಂಗಳ ವ್ಯತ್ಯಾಸ. ಉಡುಪಿ ಕಡೆಯ ಮನೆಗೆ ಆಗಸ್ಟ್‌ನಲ್ಲಿ ರಾಶಿ ರಾಶಿ ಬೆಣ್ಣೆಕೃಷ್ಣನ ಚಿತ್ರ ಬಂತು. ಅವರು ಉಪವಾಸ ಇದ್ದು, ಉಂಡೆ ಚಕ್ಕುಲಿ ಮಾಡಿ, ಅರ್ಘ್ಯ ಕೊಟ್ಟ ದಿನ ಫೋನ್ ಸದ್ದಿಲ್ಲ. ಅವತ್ತು ನೆನಪಿಟ್ಟು ಒಂದು ಸಾಲು ಬರೆದವರನ್ನು ಅವರು ಮರೆಯುವುದಿಲ್ಲ.

ಯುಗಾದಿಯೂ ಹಾಗೆಯೇ. ಘಟ್ಟದ ಮೇಲಿನವರಿಗೆ ಚೈತ್ರ ಶುದ್ಧ ಪಾಡ್ಯ, ಇಲ್ಲಿನ ಗುಡಿಪಾಡವಾ ಕೂಡ ಅದೇ ದಿನ. 2026ರಲ್ಲಿ ಅದು ಮಾರ್ಚ್ 19. ತುಳುನಾಡಿನ ಮನೆಗಳಿಗೆ ಹೊಸ ವರ್ಷ ಬಿಸು, ಏಪ್ರಿಲ್ ಮಧ್ಯದಲ್ಲಿ. ಅವರಿಗೆ ಮಾರ್ಚ್‌ನಲ್ಲಿ ಶುಭಾಶಯ ಹೇಳಿದರೆ ತಪ್ಪೇನಿಲ್ಲ. ಆದರೆ ಬಿಸುವಿನ ದಿನ ಹೇಳಿದರೆ ಅದು ಅವರ ಹಬ್ಬಕ್ಕೆ ಹೇಳಿದ ಹಾಗೆ ಆಗುತ್ತದೆ.

ದೀಪಾವಳಿಗೆ ಇಲ್ಲಿ ವಸುಬಾರಸ್‌ನಿಂದ ಭಾವುಬೀಜ್‌ವರೆಗೆ ದಿನಾ ಒಂದೊಂದು ಶುಭಾಶಯ ಬರುತ್ತದೆ. ದಿನಾ ಕಳಿಸಬೇಕಿಲ್ಲ. ನೀರು ತುಂಬುವ ಹಬ್ಬದಿಂದ ಪಾಡ್ಯದವರೆಗೆ ಯಾವುದಾದರೂ ಒಂದು ದಿನ ಒಂದು ಸಲ ಹೇಳಿ.

ಏಕಾದಶಿ ಬಗ್ಗೆ ಒಂದು ವಿಶೇಷ ವಿನಂತಿ. ಸ್ಮಾರ್ತರಿಗೂ ಮಾಧ್ವರಿಗೂ ಕೆಲವೊಮ್ಮೆ ಬೇರೆ ಬೇರೆ ದಿನ ಬರುತ್ತದೆ. ‘ಇವತ್ತು ಏಕಾದಶಿ’ ಎಂಬ ಚಿತ್ರ ನೋಡಿ ವಯಸ್ಸಾದವರು ಒಂದು ದಿನ ಮೊದಲೇ ಉಪವಾಸ ಮಾಡಿ, ಮಾರನೇ ದಿನ ಮತ್ತೆ ಮಾಡಿದ್ದುಂಟು. ಅವರಲ್ಲಿ ಸಕ್ಕರೆ ಕಾಯಿಲೆಯವರೂ ಇದ್ದಾರೆ. ಈ ಚಿತ್ರಗಳನ್ನು ಫಾರ್ವರ್ಡ್ ಮಾಡಲೇಬೇಡಿ.

ಬೆಳಗ್ಗೆ ಎಷ್ಟು ಗಂಟೆಗೆ ಕಳಿಸಬಹುದು?

ಏಳರ ಮೇಲೆ. ಹೋಟೆಲ್ ಕೆಲಸ ಮುಗಿಸಿ ರಾತ್ರಿ ಒಂದಕ್ಕೆ ಮಲಗುವವರು ನಮ್ಮಲ್ಲಿ ಬಹಳ ಇದ್ದಾರೆ. ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವುದರಿಂದ ಫೋನ್ ಸೈಲೆಂಟ್ ಇಡಲು ಅವರಿಗೆ ಧೈರ್ಯ ಬರುವುದಿಲ್ಲ. ನಾಲ್ಕೂವರೆಗೆ ಸದ್ದಾದರೆ ಎದೆ ಧಸಕ್ ಅನ್ನುತ್ತದೆ. ನೋಡಿದರೆ ಸುಪ್ರಭಾತದ ಚಿತ್ರ.

ಬಂದ ಪ್ರತಿಯೊಂದು ಶುಭಾಶಯಕ್ಕೂ ಉತ್ತರ ಕೊಡಲೇಬೇಕಾ?

ಇಲ್ಲ. ಫಾರ್ವರ್ಡ್ ಚಿತ್ರಕ್ಕೆ ಒಂದು ಎಮೋಜಿ ಸಾಕು, ಅದೂ ಕಡ್ಡಾಯ ಅಲ್ಲ. ನಿಮ್ಮನ್ನು ಕರೆದು ಬರೆದವರಿಗೆ ಮಾತ್ರ ಬರೆದೇ ಉತ್ತರ ಕೊಡಿ. ಅವತ್ತೇ ಆಗಬೇಕೆಂದಿಲ್ಲ, ಮೂರು ದಿನ ಕಳೆದರೂ ಪರವಾಗಿಲ್ಲ. ಇನ್ನು ‘ಹತ್ತು ಜನರಿಗೆ ಕಳಿಸಿ, ಸಂಜೆಯೊಳಗೆ ಶುಭ ಸುದ್ದಿ’ ಎನ್ನುವುದನ್ನು ಅಲ್ಲೇ ನಿಲ್ಲಿಸಿ. ನಿಲ್ಲಿಸಿದ್ದರಿಂದ ಯಾರಿಗೂ ಏನೂ ಆಗಿಲ್ಲ.

ನಮ್ಮ ಅತ್ತೆ ದಿನಾ ಬೆಳಗ್ಗೆ ಚಿತ್ರ ಕಳಿಸುತ್ತಾರೆ. ಬೇಡ ಅಂತ ಹೇಗೆ ಹೇಳುವುದು?

ಮೊದಲು ಅವರು ಅದನ್ನು ಯಾಕೆ ಕಳಿಸುತ್ತಾರೆ ನೋಡಿ. ಊರಿನಲ್ಲಿ ಒಬ್ಬರೇ ಇರುವವರು, ಅಥವಾ ಇಲ್ಲೇ ಮಕ್ಕಳೆಲ್ಲ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿಯುವವರು, ಆ ಚಿತ್ರದಿಂದ ‘ನಾನು ಎದ್ದಿದ್ದೇನೆ, ಚೆನ್ನಾಗಿದ್ದೇನೆ’ ಎಂದು ತಿಳಿಸುತ್ತಾರೆ. ಕನ್ನಡದಲ್ಲಿ ಟೈಪ್ ಮಾಡಲು ಬರುವುದಿಲ್ಲ, ಕಣ್ಣೂ ಸರಿಯಾಗಿ ಕಾಣುವುದಿಲ್ಲ. ಎರಡು ಸಲ ಒತ್ತಿದರೆ ಹೋಗುವ ವಸ್ತು ಅದೊಂದೇ. ಅಂಥವರಿಗೆ ಬೇಡ ಅನ್ನಬೇಡಿ. ನಿಮಗೆ ಖಾಸಗಿಯಾಗಿ ಬರುವ ಒಂದು ಚಿತ್ರದಿಂದ ಯಾರಿಗೂ ಹೊರೆ ಇಲ್ಲ. ಎಂಟು ಗಂಟೆಯಾದರೂ ಬರಲಿಲ್ಲ ಎಂದರೆ ಫೋನ್ ಮಾಡಿ ವಿಚಾರಿಸಿ.

ಮೈಕ್ ಗುರುತನ್ನು ಒತ್ತಿ ಹಿಡಿದು ಮಾತಾಡಿ ಕಳಿಸುವುದನ್ನು ಅವರಿಗೆ ಹೇಳಿಕೊಡಿ. ಪಕ್ಕದಲ್ಲಿ ಕೂತು, ಅವರ ಕೈಯಲ್ಲೇ ಮಾಡಿಸಬೇಕು. ಒತ್ತಿ ಹಿಡಿಯುವುದು ಅವರಿಗೆ ಕಷ್ಟ, ಬೆರಳು ಬೇಗ ಜಾರುತ್ತದೆ. ಹಿಡಿದು ಮೇಲಕ್ಕೆ ಎಳೆದರೆ ಅದು ತಾನೇ ರೆಕಾರ್ಡ್ ಆಗುತ್ತಾ ಇರುತ್ತದೆ, ಬೆರಳು ಬಿಡಬಹುದು. ಇದು ಬಂದರೆ ಹೆಚ್ಚಿನವರು ತಾವಾಗಿಯೇ ಚಿತ್ರ ಬಿಟ್ಟು ಮಾತಿಗೆ ಬರುತ್ತಾರೆ. ‘ಇವತ್ತು ಮಳೆ, ಹಾಲಿನವ ಬರಲಿಲ್ಲ’ ಅಂತ ಇಪ್ಪತ್ತು ಸೆಕೆಂಡು. ಕೇಳಲು ಎಷ್ಟು ಚೆನ್ನಾಗಿರುತ್ತದೆ!

ತೊಂದರೆ ಇರುವುದು ಅದೇ ಚಿತ್ರ ಹತ್ತು ಗುಂಪಿಗೆ ಹೋದಾಗ. ಅದನ್ನು ಹೀಗೆ ಹೇಳಬಹುದು: ‘ಅತ್ತೆ, ನನಗೆ ದಿನಾ ಕಳಿಸಿ, ನಾನು ಕಾಯ್ತಾ ಇರ್ತೀನಿ. ಗುಂಪಿಗೆ ಮಾತ್ರ ಬೇಡ. ಅಲ್ಲಿ ಯಾರಾದರೂ ಹೋದ ಸುದ್ದಿ ಬಂದಿರುತ್ತೆ, ನಿಮಗೆ ಕಾಣಿಸಿರಲ್ಲ.’ ಕಾರಣ ಹೇಳಿದರೆ ಹಿರಿಯರು ಒಪ್ಪುತ್ತಾರೆ. ‘ನಿಯಮ ಇದೆ’ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಮಗನೋ ಮೊಮ್ಮಗಳೋ ಹೇಳಿದರೆ ಇನ್ನೂ ಒಳ್ಳೆಯದು.

ಫೋನ್ ತುಂಬಿ ಹೋಗಿದೆ. ಇದರಿಂದಲೇನಾ?

ಇರಬಹುದು. ಒಂದು ಚಿತ್ರ 150 ಕೆಬಿ ಎಂದು ಇಟ್ಟುಕೊಳ್ಳಿ. ಎಲ್ಲ ಗುಂಪಿನಿಂದ ದಿನಕ್ಕೆ 40 ಬಂದರೆ 6 ಎಂಬಿ, ವರ್ಷಕ್ಕೆ ಎರಡು ಜಿಬಿಗಿಂತ ಜಾಸ್ತಿ. ವೀಡಿಯೊ ಸೇರಿದರೆ ಇನ್ನೂ ಎಷ್ಟೋ ಪಟ್ಟು.

Settings ಒಳಗೆ Storage and data, ಅದರೊಳಗೆ Manage storage ತೆರೆಯಿರಿ. ತುಂಬಾ ಸಲ ಫಾರ್ವರ್ಡ್ ಆದದ್ದು, 5 ಎಂಬಿಗಿಂತ ದೊಡ್ಡದು ಎಂದು ಬೇರೆ ಬೇರೆ ತೋರಿಸುತ್ತದೆ. ಮೊದಲನೆಯದನ್ನು ಒಮ್ಮೆ ಕಣ್ಣಾಡಿಸಿ ಅಳಿಸಿ. ಆಮೇಲೆ ಅದೇ Storage and data ಪುಟದ Media auto-download ಭಾಗದಲ್ಲಿ ಫೋಟೋ, ವೀಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಮುಂದೆ ಚಿತ್ರ ಮಸುಕಾಗಿ ಕಾಣುತ್ತದೆ, ಬೇಕಾದರೆ ಮಾತ್ರ ಒತ್ತಿ ಇಳಿಸಿಕೊಳ್ಳುತ್ತೀರಿ. ಹಿರಿಯರ ಫೋನ್‌ನಲ್ಲಿ ಇದನ್ನು ಮಾಡುವಾಗ ಅವರಿಗೆ ಹೇಳಿಯೇ ಮಾಡಿ. ಇಲ್ಲದಿದ್ದರೆ ಮೊಮ್ಮಕ್ಕಳ ಫೋಟೋ ಬರುತ್ತಿಲ್ಲ ಎಂದು ಕೊರಗುತ್ತಾರೆ.

ಶುಭಾಶಯದ ಜೊತೆ ಒಂದು ಫೈಲ್ ಬಂದಿದೆ, ತೆರೆಯಬಹುದಾ?

ಹೆಸರಿನ ಕೊನೆಯಲ್ಲಿ `.apk` ಇದ್ದರೆ ಮುಟ್ಟಬೇಡಿ. ಅದು ಚಿತ್ರ ಅಲ್ಲ, ಫೋನಿಗೆ ಹಾಕುವ ಆ್ಯಪ್. ಹೊಸ ವರ್ಷದ ಶುಭಾಶಯ, ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ಬರುತ್ತದೆ. ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್ ಓದಿ, ಬ್ಯಾಂಕಿನ ಒಟಿಪಿ ಕದಿಯುತ್ತದೆ. ಗುರುತಿನವರ ನಂಬರಿನಿಂದ ಬಂದರೂ ನಂಬಬೇಡಿ, ಅವರ ಫೋನ್ ಆಗಲೇ ಕಳ್ಳರ ಕೈಯಲ್ಲಿ ಇರಬಹುದು. ತೆರೆದುಬಿಟ್ಟಿದ್ದರೆ ಕೂಡಲೇ ಇಂಟರ್ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಮತ್ತು 1930ಕ್ಕೆ ಕರೆ ಮಾಡಿ.

ಸೊಸೈಟಿಯ ಗುಂಪಿನಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಎಲ್ಲ ಹಬ್ಬಕ್ಕೂ ಶುಭಾಶಯ ಹೇಳಬಹುದಾ?

ಹೇಳಿ, ಆದರೆ ಅದು ಸಂತೋಷದ ದಿನವೇ ಎಂದು ತಿಳಿದುಕೊಂಡು ಹೇಳಿ. ಗುಡ್ ಫ್ರೈಡೇ ಯೇಸು ಶಿಲುಬೆಗೇರಿದ ದಿನ. ಮೊಹರಂನ ಹತ್ತನೇ ದಿನ ಕರ್ಬಲಾದಲ್ಲಿ ಇಮಾಮ್ ಹುಸೇನರು ಮಡಿದ ದಿನ. ಇವಕ್ಕೆ ‘ಹ್ಯಾಪಿ’ ಎಂದು ಹೂವಿನ ಚಿತ್ರ ಕಳಿಸುವುದು ಶೋಭಿಸುವುದಿಲ್ಲ. ಈಸ್ಟರ್, ಈದ್, ಮೋಂತಿ ಫೆಸ್ತ್ ದಿನ ಖುಷಿಯಾಗಿ ಹೇಳಿ.

ನಾನು ಹರಟೆ ಗುಂಪಿನಿಂದ ಹೊರಗೆ ಹೋದರೆ ಎಲ್ಲರಿಗೂ ಗೊತ್ತಾಗುತ್ತಾ?

ಈಗ ಎಲ್ಲರಿಗೂ ಸೂಚನೆ ಹೋಗುವುದಿಲ್ಲ, ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ. ಆದರೆ ಗುಂಪಿನ ವಿವರದಲ್ಲಿ ಹಿಂದೆ ಇದ್ದವರ ಹೆಸರು 60 ದಿನ ಕಾಣುತ್ತದೆ, ಹುಡುಕಿದವರಿಗೆ ಗೊತ್ತಾಗಬಹುದು. ಹೋಗಲು ಮನಸ್ಸಿಲ್ಲ, ಸದ್ದು ಬೇಡ ಅಷ್ಟೇ ಎಂದಾದರೆ ಮ್ಯೂಟ್‌ನಲ್ಲಿ Always ಆರಿಸಿ, ಗುಂಪನ್ನು ಆರ್ಕೈವ್‌ಗೆ ಹಾಕಿ. ನಾವು ಯಾರನ್ನೂ ಯಾಕೆ ಹೋದಿರಿ ಎಂದು ಕೇಳುವುದಿಲ್ಲ. ಸೂಚನೆ ಗುಂಪಿನಲ್ಲಿ ಮಾತ್ರ ಇರಿ. ನಂಬರ್ ಬದಲಾದರೆ ಹೊಸ ನಂಬರ್ ತಿಳಿಸಿ.